ನೋವಿದ್ದರೆ ಮೊದಲು ಬಿರುಕು ನೆನಪಾಗಲಿ

ಕೇಳುಗರಿಗೆ ನಮಸ್ಕಾರ.

ಬೆಳಿಗ್ಗೆ ಸಂಡಾಸಿಗೆ ಕೂತಾಗ ಕೆಂಪು ರಕ್ತ ಕಂಡಿತು. ಜೊತೆಗೆ ಜೀವ ಹೋಗುವಷ್ಟು ಉರಿ. ಇದಕ್ಕೆ ನಾವೆಲ್ಲ ಇಡುವ ಹೆಸರು ಒಂದೇ, ಪೈಲ್ಸ್. ಪಕ್ಕದ ಮನೆಯ ಮರಾಠಿಯವರು ಮೂಳವ್ಯಾಧ್ ಅನ್ನುತ್ತಾರೆ. ಮುಂಬಯಿಯ ಗೋಡೆಗಳ ಮೇಲಿನ ಜಾಹೀರಾತು ಬವಾಸೀರ್ ಅನ್ನುತ್ತದೆ. ನಮ್ಮವರು ಮೂಲವ್ಯಾಧಿ ಅನ್ನುತ್ತಾರೆ. ನನ್ನ ಹತ್ತಿರ ಹೀಗೆ ಹೇಳಿಕೊಂಡು ಬರುವವರಲ್ಲಿ ಬಹಳ ಮಂದಿಗೆ ಇರುವುದು ಪೈಲ್ಸ್ ಅಲ್ಲ, ಫಿಶರ್. ಅಂದರೆ ಗುದದ್ವಾರದ ಚರ್ಮದಲ್ಲಿ ಒಂದು ಸಣ್ಣ ಬಿರುಕು.

ವ್ಯತ್ಯಾಸ ಗುರುತಿಸುವುದು ಸುಲಭ. ಗುದದ್ವಾರದ ಒಳಗೆ ಒಂದು ಗಡಿ ಇದೆ. ಆ ಗಡಿಯಿಂದ ಮೇಲಿನ ಪೊರೆಗೆ ಚುಚ್ಚಿದರೂ ನೋವು ತಿಳಿಯುವುದಿಲ್ಲ. ಕೆಳಗಿನ ಚರ್ಮ ಮಾತ್ರ ನಮ್ಮ ತುಟಿಯಷ್ಟೇ ಸೂಕ್ಷ್ಮ. ರಕ್ತ ಸುರಿಸುವ ಪೈಲ್ಸ್ ಇರುವುದು ಗಡಿಯ ಮೇಲೆ. ಹಾಗಾಗಿ ರಕ್ತ ತೊಟ್ಟಿಕ್ಕುತ್ತದೆ, ಕೆಲವೊಮ್ಮೆ ಚಿಮ್ಮುತ್ತದೆ, ಆದರೆ ನೋಯುವುದಿಲ್ಲ. ಬಿರುಕು ಬೀಳುವುದು ಗಡಿಯ ಕೆಳಗೆ. ರಕ್ತ ಸ್ವಲ್ಪವೇ, ಮಲದ ಮೇಲೆ ಒಂದು ಗೆರೆ ಅಥವಾ ತೊಳೆಯುವಾಗ ಕೈಗೆ ಒಂದಿಷ್ಟು. ನೋವು ಮಾತ್ರ ಭಯಂಕರ. ರಕ್ತ ಇದ್ದು ನೋವಿಲ್ಲದಿದ್ದರೆ ಪೈಲ್ಸ್ ಇರಬಹುದು. ಮಲ ಹೋಗುವಾಗ ಸೀಳಿದ ಹಾಗೆ ನೋವಿದ್ದರೆ ಮೊದಲು ಬಿರುಕು ನೆನಪಾಗಲಿ.

ಮಾಟುಂಗದ ಕಡೆಯ ಒಂದು ಹೋಟೆಲಿನ ದೋಸೆ ಭಟ್ಟರ ಕಥೆ ಹೇಳುತ್ತೇನೆ. ಕುಂದಾಪುರದ ಕಡೆಯವರು, ಮೂವತ್ತನಾಲ್ಕು ವಯಸ್ಸು. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು. ರೂಮಿನಲ್ಲಿ ಹನ್ನೆರಡು ಜನ, ಸಂಡಾಸು ಒಂದು. ಬಾಗಿಲ ಮುಂದೆ ಸಾಲು. ಇವರು ಹಾಗೇ ಕೆಲಸಕ್ಕೆ ಓಡುತ್ತಿದ್ದರು. ಕಾವಲಿಯ ಮುಂದೆ ಬೆವರು ಸುರಿಯುತ್ತಿದ್ದರೂ ಕುಡಿಯುತ್ತಿದ್ದದ್ದು ಚಹಾ ಮಾತ್ರ. ಹೊಟ್ಟೆ ಕರೆದರೂ ಮಧ್ಯಾಹ್ನ ಮೂರರವರೆಗೆ ತಡೆದುಕೊಳ್ಳುವುದು. ತಡೆದಷ್ಟೂ ಕರುಳು ಮಲದ ನೀರನ್ನು ಹೀರಿಕೊಳ್ಳುತ್ತದೆ, ಮಲ ಕಲ್ಲಾಗುತ್ತದೆ. ಒಂದು ದಿನ ಆ ಕಲ್ಲು ಹೊರಬರುವಾಗ ಚರ್ಮ ಸೀಳಿತು.

"ಗಾಜಿನ ಚೂರು ಹೊರಗೆ ಬಂದ ಹಾಗೆ ಆಗ್ತದೆ ಡಾಕ್ಟ್ರೇ. ಆಮೇಲೆ ಎರಡು ಗಂಟೆ ನಿಲ್ಲೋಕಾಗಲ್ಲ, ಕೂರೋಕಾಗಲ್ಲ" ಅಂದರು. ಇಷ್ಟು ಕೇಳಿದಾಗಲೇ ನನಗೆ ಕಾಯಿಲೆ ಗೊತ್ತಾಯಿತು. ಆದರೆ ಅವರು ಬಂದದ್ದು ಮೂರು ತಿಂಗಳು ಕಳೆದ ಮೇಲೆ! ಅಷ್ಟರಲ್ಲಿ ಅಂಗಡಿಯಿಂದ ಪೈಲ್ಸ್ ಮುಲಾಮು ತಂದು ನಾಲ್ಕು ಟ್ಯೂಬ್ ಮುಗಿಸಿದ್ದರು. ತೊಳೆಯುವಾಗ ಕೈಗೆ ಮೊಳಕೆಯ ಹಾಗೆ ಒಂದು ಗಂಟು ಸಿಕ್ಕಿತ್ತು, ಅದರಿಂದ ಪೈಲ್ಸೇ ಅಂತ ಖಾತ್ರಿ ಮಾಡಿಕೊಂಡಿದ್ದರು. ಜಾಹೀರಾತು ನೋಡಿ ಒಂದು ಕಡೆ ಹೋದಾಗ ಇಂಜೆಕ್ಷನ್ ಕೊಟ್ಟು ಉದುರಿಸುತ್ತೇವೆ ಅಂದರಂತೆ. ಪುಣ್ಯಕ್ಕೆ ದುಡ್ಡಿರಲಿಲ್ಲ, ವಾಪಸ್ ಬಂದರು. ಕೊನೆಗೆ ಸಂಡಾಸಿಗೆ ಹೋಗುವ ಭಯಕ್ಕೆ ಊಟವನ್ನೇ ಬಿಟ್ಟು ಎರಡು ಹೊತ್ತು ಗಂಜಿ ಕುಡಿಯುತ್ತಿದ್ದರು. ನಾರಿಲ್ಲದ ಗಂಜಿಯಿಂದ ಮಲ ಇನ್ನಷ್ಟು ಗಟ್ಟಿಯಾಯಿತು.

ನಾನು ಮಾಡಿದ್ದು ಇಷ್ಟೇ. ಮಗ್ಗುಲಿಗೆ ಮಲಗಿಸಿ, ಎರಡು ಕಡೆ ಮೆಲ್ಲಗೆ ಸರಿಸಿ, ಟಾರ್ಚ್ ಹಾಕಿ ನೋಡಿದೆ. ಬೆರಳು ಹಾಕಲಿಲ್ಲ, ನಳಿಗೆ ಹಾಕಲಿಲ್ಲ. ಬಿರುಕು ನೋಯುತ್ತಿರುವಾಗ ಅದೆಲ್ಲ ಹಾಕಬಾರದು. ಹಿಂಭಾಗಕ್ಕೆ, ಸರಿಯಾಗಿ ನಡುಗೆರೆಯಲ್ಲಿ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಸೀಳು. ಬಿರುಕು ಹೆಚ್ಚಾಗಿ ಬೀಳುವುದು ಅಲ್ಲೇ. ಅದರ ಹೊರತುದಿಯಲ್ಲಿ ಒಂದು ಚರ್ಮದ ಗಂಟು. ಭಟ್ಟರ ಕೈಗೆ ಸಿಕ್ಕ ಮೊಳಕೆ ಅದೇ. ಹಳೆಯ ಬಿರುಕಿನ ಬಾಗಿಲಲ್ಲಿ ಕಾವಲು ಕೂತ ಚರ್ಮ ಅದು, ಪೈಲ್ಸ್ ಅಲ್ಲ.

ಇಷ್ಟು ಚಿಕ್ಕ ಗಾಯ ಮೂರು ತಿಂಗಳಾದರೂ ಏಕೆ ಮಾಯಲಿಲ್ಲ? ಗುದದ್ವಾರದ ಒಳಗೆ ಬಳೆಯ ಹಾಗೆ ಒಂದು ಸ್ನಾಯು ಇದೆ. ಅದು ನಮ್ಮ ಮಾತು ಕೇಳುವುದಿಲ್ಲ. ನೋವಾದ ಕೂಡಲೇ ಬಿಗಿಯುತ್ತದೆ. ಬಿಗಿದರೆ ಗಾಯಕ್ಕೆ ರಕ್ತ ಸಾಲದು, ಗಾಯ ಮಾಯುವುದಿಲ್ಲ. ಮರುದಿನ ಗಟ್ಟಿ ಮಲ ಬಂದು ಮತ್ತೆ ಸೀಳುತ್ತದೆ. ಬಿಗಿದ ಸ್ನಾಯು ಸಡಿಲ ಆಗಬೇಕು, ಮಲ ಮೆತ್ತಗೆ ಆಗಬೇಕು. ಪೈಲ್ಸ್ ಮುಲಾಮು ಈ ಎರಡನ್ನೂ ಮಾಡುವುದಿಲ್ಲ. ಅದಕ್ಕೇ ಹೆಸರು ಸರಿ ಇರಬೇಕು ಅಂತ ನಾನು ಇಷ್ಟು ಹಟ ಹಿಡಿಯುವುದು.

ಭಟ್ಟರಿಗೆ ಹೇಳಿದೆ: ಒಂದು ಪ್ಲಾಸ್ಟಿಕ್ ಟಬ್ ತನ್ನಿ. ಅಡುಗೆಮನೆಯಲ್ಲಿ ಬಿಸಿನೀರಿಗೆ ಬರ ಇಲ್ಲ ಅಲ್ವಾ? ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಸಂಡಾಸಾದ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ರಾತ್ರಿ ಇನ್ನೊಮ್ಮೆ. ನೀರಿಗೆ ಉಪ್ಪು, ಡೆಟಾಲ್ ಏನೂ ಬೇಡ. ಮಲಗುವ ಮೊದಲು ಎರಡು ಚಮಚ ಇಸಬ್ಗೋಲ್ ದೊಡ್ಡ ಲೋಟ ನೀರಿನ ಜೊತೆ. ನೀರು ಕಡಿಮೆಯಾದರೆ ಅದೇ ಹೊಟ್ಟೆ ಕಟ್ಟುತ್ತದೆ. ಕಾವಲಿಯ ಪಕ್ಕ ನೀರಿನ ಬಾಟಲಿ ಇಟ್ಟುಕೊಳ್ಳಿ. ಗಂಜಿ ಬಿಟ್ಟು ಬಸಳೆ, ಹೆಸರುಕಾಳು, ಪಪ್ಪಾಯಿ ತಿನ್ನಿ. ಹೊಟ್ಟೆ ಕರೆದಾಗ ದೋಸೆ ಹೊಯ್ಯುವುದನ್ನು ಇನ್ನೊಬ್ಬರಿಗೆ ಕೊಟ್ಟು ಹೋಗಿ.

ಇದರ ಜೊತೆ ಸ್ನಾಯು ಸಡಿಲಿಸುವ ಡಿಲ್ಟಿಯಾಜೆಮ್ ಮುಲಾಮು ಬರೆದುಕೊಟ್ಟೆ. ಬಟಾಣಿಯಷ್ಟು, ದಿನಕ್ಕೆ ಎರಡು ಸಲ, ಎಂಟು ವಾರ. ಹತ್ತು ದಿನಕ್ಕೆ ನೋವು ಅರ್ಧ ಆಯಿತು. ಮೂರನೇ ವಾರ ಪೂರ್ತಿ ಹೋಯಿತು, ಭಟ್ಟರು ಮುಲಾಮು ಬಿಟ್ಟರು. ಐದನೇ ವಾರ ಅಳುತ್ತಾ ಬಂದರು, ಬಿರುಕು ಮತ್ತೆ ಬಿಟ್ಟಿತ್ತು. ನೋವು ಮೊದಲು ಹೋಗುತ್ತದೆ, ಗಾಯ ಆಮೇಲೆ ಮಾಯುತ್ತದೆ. ದಯವಿಟ್ಟು ನಡುವೆ ಬಿಡಬೇಡಿ. ಎರಡನೇ ಸಲ ಎಂಟು ವಾರ ಮುಗಿಸಿದರು, ಬಿರುಕು ಮುಚ್ಚಿತು. ಚರ್ಮದ ಗಂಟು ಇನ್ನೂ ಇದೆ. ಇರಲಿ, ಅದರಿಂದ ತೊಂದರೆ ಇಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮುಲಾಮಿಗೆ ಮಾಯದ ಬಿರುಕಿಗೆ ಸಣ್ಣ ಆಪರೇಷನ್ ಇದೆ, ಆ ಬಿಗಿ ಸ್ನಾಯುವನ್ನು ಒಂದಿಷ್ಟು ಕತ್ತರಿಸುತ್ತಾರೆ. ಅದನ್ನು ಸರ್ಜನ್ ಹತ್ತಿರವೇ ಮಾಡಿಸಿ. ಗಾಯ ಪಕ್ಕಕ್ಕೆ ಬಿದ್ದಿದ್ದರೆ, ಒಂದಕ್ಕಿಂತ ಜಾಸ್ತಿ ಇದ್ದರೆ, ಟಿ.ಬಿ. ಅಥವಾ ಕರುಳಿನ ಬೇರೆ ಕಾಯಿಲೆ ಇದೆಯೇ ಅಂತ ಪರೀಕ್ಷೆ ಆಗಬೇಕು. ದಿಢೀರನೆ ನೀಲಿ ಗಂಟು ಎದ್ದು ದಿನವಿಡೀ ನೋಯುತ್ತಿದ್ದರೆ ಅದು ಹೆಪ್ಪುಗಟ್ಟಿದ ಪೈಲ್ಸ್ ಇರಬಹುದು. ಜ್ವರದ ಜೊತೆ ಮಿಡಿಯುವ ನೋವಿದ್ದರೆ ಕೀವು ಕಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಕಪ್ಪಾಗಿದ್ದರೆ, ಮಲದೊಳಗೆ ಬೆರೆತು ಬಂದರೆ, ತೂಕ ಇಳಿಯುತ್ತಿದ್ದರೆ, ಅಥವಾ ವಯಸ್ಸು ನಲವತ್ತೈದು ದಾಟಿದ ಮೇಲೆ ಮೊದಲ ಸಲ ರಕ್ತ ಕಂಡರೆ, ಪೈಲ್ಸ್ ಅಂತಲೂ ಬಿರುಕು ಅಂತಲೂ ಸುಮ್ನೆ ಕೂರಬೇಡಿ. ಒಳಗೆ ಕ್ಯಾಮೆರಾ ಹಾಕಿ ದೊಡ್ಡಕರುಳನ್ನು ನೋಡಿಸಿಕೊಳ್ಳಿ.

ಹೆಣ್ಣುಮಕ್ಕಳು ಹೆರಿಗೆಯಾದ ಮೇಲೆ ಈ ನೋವನ್ನು ಯಾರಿಗೂ ಹೇಳದೆ ತಡೆದುಕೊಳ್ಳುತ್ತಾರೆ. ಅದೂ ಹೆಚ್ಚಾಗಿ ಬಿರುಕೇ. ಲೇಡಿ ಡಾಕ್ಟರ್ ಹತ್ತಿರ ಹೋಗಿ "ಮಲ ಹೋಗುವಾಗ ಸೀಳಿದ ಹಾಗೆ ಆಗುತ್ತದೆ" ಅಂದರೆ ಸಾಕು, ಉಳಿದದ್ದು ಅವರಿಗೆ ಅರ್ಥವಾಗುತ್ತದೆ. ನಮಸ್ಕಾರ.