ಒಂದು ಸೊನ್ನೆ, ಎರಡು ಸೊನ್ನೆ, ಮೂರು ಸೊನ್ನೆ

ಮಕ್ಕಳೇ, ನಮಸ್ಕಾರ. ಮಳೆಗಾಲದಲ್ಲಿ ಹವಾಮಾನ ವರದಿ ಕೇಳಿಯೇ ಇರುತ್ತೀರಿ. "ಬೆಂಗಳೂರು ನಗರದಲ್ಲಿ 25 ಮಿಲಿಮೀಟರ್ ಮಳೆಯಾಗಿದೆ" ಎನ್ನುತ್ತಾರೆ. ಹಾಲು ಲೀಟರ್ ಲೆಕ್ಕ, ಎಣ್ಣೆ ಲೀಟರ್ ಲೆಕ್ಕ. ಮಳೆಯೂ ನೀರೇ ತಾನೆ? ಅದನ್ನು ಮಾತ್ರ ಸ್ಕೇಲಿನ ಮೇಲಿರುವ ಮಿಲಿಮೀಟರಿನಲ್ಲಿ ಯಾಕೆ ಹೇಳುತ್ತಾರೆ? ಆ 25 ಮಿಲಿಮೀಟರನ್ನು ನಮ್ಮ ಮನೆಯ ಸಂಪಿಗೆ ಇಳಿಸಿದರೆ ಎಷ್ಟು ಲೀಟರಾಗುತ್ತದೆ? ಈ ಲೆಕ್ಕ ಮಾಡಿಬಿಟ್ಟರೆ ನಿಮ್ಮ ಪುಸ್ತಕದ ಹಿಂಬದಿಯಲ್ಲಿರುವ ಅಳತೆಯ ಕೋಷ್ಟಕದ ಮುಕ್ಕಾಲು ಪಾಲು ತಾನಾಗಿಯೇ ಬಂದಂತೆ.

ಒಂದು ಪೆನ್ಸಿಲ್, ಒಂದು ಹಾಳೆ ತೆಗೆದುಕೊಳ್ಳಿ. ಸಾಲಾಗಿ ಏಳು ಮನೆ ಎಳೆಯಿರಿ. ಎಡಗಡೆಯಿಂದ ಬರೆಯುತ್ತಾ ಹೋಗಿ: ಕಿಲೋಮೀಟರ್, ಹೆಕ್ಟೋಮೀಟರ್, ಡೆಕಾಮೀಟರ್. ನಟ್ಟನಡುವಿನ ಮನೆಗೆ ಮೀಟರ್. ಆಮೇಲೆ ಡೆಸಿಮೀಟರ್, ಸೆಂಟಿಮೀಟರ್, ಮಿಲಿಮೀಟರ್. ಎಡದಿಂದ ಬಲಕ್ಕೆ ಒಂದು ಮನೆ ದಾಟಿದರೆ ಹತ್ತರಿಂದ ಗುಣಿಸಬೇಕು, ಅಂದರೆ ಒಂದು ಸೊನ್ನೆ. ಮೀಟರಿನಿಂದ ಸೆಂಟಿಮೀಟರಿಗೆ ಎರಡು ಮನೆ, ಎರಡು ಸೊನ್ನೆ, ನೂರು. ಮಿಲಿಮೀಟರಿಗೆ ಮೂರು ಮನೆ, ಸಾವಿರ. ಬಲದಿಂದ ಎಡಕ್ಕೆ ಬಂದರೆ ಅಷ್ಟೇ ಸೊನ್ನೆಯಿಂದ ಭಾಗಿಸುವುದು. ಇಷ್ಟು ನಿಮಗೆಲ್ಲ ಗೊತ್ತಿರುವುದೇ. ಗ್ರಾಮಿಗೂ ಇದೇ ಏಳು ಮನೆ, ಮೀಟರ್ ಇದ್ದ ಕಡೆ ಗ್ರಾಂ ಅಂತ ಬರೆದುಕೊಂಡರಾಯಿತು.

ಎಡವಟ್ಟಾಗುವುದು ಚದರ ಮೀಟರ್, ಘನ ಮೀಟರ್ ಬಂದಾಗ. ಒಂದು ಮೀಟರಿಗೆ 100 ಸೆಂಟಿಮೀಟರ್, ಹಾಗಾಗಿ ಒಂದು ಚದರ ಮೀಟರಿಗೂ 100 ಚದರ ಸೆಂಟಿಮೀಟರ್ ಎಂದು ಬರೆದ ಉತ್ತರಪತ್ರಿಕೆಗಳಿಗೆ ಲೆಕ್ಕವಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಯಿರಿ. ಉದ್ದಕ್ಕೆ 100 ಸೆಂಟಿಮೀಟರ್, ಅಗಲಕ್ಕೂ 100 ಸೆಂಟಿಮೀಟರ್. ಒಳಗೆ ಒಂದೊಂದು ಸೆಂಟಿಮೀಟರಿನ ಪುಟ್ಟ ಚೌಕ ಹೊಂದಿಸುತ್ತಾ ಹೋದರೆ ಒಂದು ಸಾಲಿಗೆ ನೂರು, ಅಂಥ ಸಾಲು ನೂರು. ಒಟ್ಟು ಹತ್ತು ಸಾವಿರ. ವಿಸ್ತೀರ್ಣದಲ್ಲಿ ಉದ್ದವೂ ಬದಲಾಗುತ್ತದೆ, ಅಗಲವೂ ಬದಲಾಗುತ್ತದೆ. ಹಾಗಾಗಿ ಒಂದು ಮನೆ ದಾಟಿದರೆ ಎರಡು ಸೊನ್ನೆ. ಘನ ಅಳತೆಗೆ ಎತ್ತರವೂ ಸೇರಿಕೊಳ್ಳುತ್ತದೆ, ಅಲ್ಲಿ ಒಂದು ಮನೆಗೆ ಮೂರು ಸೊನ್ನೆ. ಕೋಷ್ಟಕದ ಕೆಳಗೆ ಈ ಮೂರು ಮಾತು ಬರೆದುಕೊಳ್ಳಿ: ಉದ್ದಕ್ಕೆ ಒಂದು ಸೊನ್ನೆ, ಚದರಕ್ಕೆ ಎರಡು, ಘನಕ್ಕೆ ಮೂರು.

ಈಗ ಲೀಟರಿಗೆ ಬರೋಣ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರದ ಡಬ್ಬದಲ್ಲಿ ಹಿಡಿಸುವಷ್ಟೇ ಒಂದು ಲೀಟರ್. ಹತ್ತು ಸೆಂಟಿಮೀಟರ್ ಅಂದರೆ ಒಂದು ಡೆಸಿಮೀಟರ್. ಅಲ್ಲಿಗೆ ಒಂದು ಲೀಟರ್ ಎಂದರೆ ಒಂದು ಘನ ಡೆಸಿಮೀಟರ್. ಮೀಟರಿನಿಂದ ಡೆಸಿಮೀಟರಿಗೆ ಒಂದೇ ಮನೆ, ಘನಕ್ಕೆ ಮೂರು ಸೊನ್ನೆ, ಆದ್ದರಿಂದ ಒಂದು ಘನ ಮೀಟರಿಗೆ ಸಾವಿರ ಲೀಟರ್. ಸಾವಿರ ಲೀಟರಿಗೆ ಕಿಲೋಲೀಟರ್ ಎನ್ನುತ್ತೇವೆ. ನಿಮ್ಮ ಮನೆಯ ಕಾವೇರಿ ನೀರಿನ ಬಿಲ್ಲಿನಲ್ಲಿರುವ ಕಿಲೋಲೀಟರೂ, ಗಣಿತ ಪುಸ್ತಕದ ಘನ ಮೀಟರೂ ಒಂದೇ.

ಇಲ್ಲೊಂದು ಚಿಕ್ಕ ಗುಂಡಿಯಿದೆ, ನೋಡಿಕೊಂಡು ದಾಟಿ. ಲೀಟರ್ ಕೂಡ ಘನ ಅಳತೆಯೇ, ಹಾಗಾದರೆ ಲೀಟರಿನಿಂದ ಮಿಲಿಲೀಟರಿಗೆ ಹೋಗುವಾಗ ಪ್ರತಿ ಮನೆಗೂ ಮೂರು ಮೂರು ಸೊನ್ನೆ ಹಾಕಬೇಕೇ? ಬೇಡ. ಲೀಟರ್ ಎಂಬ ಹೆಸರಿನೊಳಗೇ ಉದ್ದ, ಅಗಲ, ಎತ್ತರ ಮೂರೂ ಕೂತುಬಿಟ್ಟಿವೆ. 'ಮಿಲಿ' ಎನ್ನುವುದು ಇಡೀ ಲೀಟರಿನ ಸಾವಿರದ ಒಂದು ಪಾಲು, ಅಷ್ಟೇ. ಲೀಟರಿನ ಏಳು ಮನೆಯಲ್ಲಿ ಒಂದೊಂದಕ್ಕೂ ಒಂದೇ ಸೊನ್ನೆ. ಘನ ಸೆಂಟಿಮೀಟರಿನಲ್ಲಾದರೆ 'ಸೆಂಟಿ'ಯೂ ಮೀಟರಿನ ಜೊತೆಗೇ ಮೂರು ಸಲ ಗುಣಿಸಿಕೊಳ್ಳುತ್ತದೆ. ಎರಡು ದಾರಿಯಲ್ಲಿ ನಡೆದರೂ ಸೇರುವುದು ಒಂದೇ ಜಾಗಕ್ಕೆ: ಒಂದು ಘನ ಸೆಂಟಿಮೀಟರಿಗೆ ಸರಿಯಾಗಿ ಒಂದು ಮಿಲಿಲೀಟರ್. ಸಿಸಿ ಎಂದರೆ ಇದೇ ಘನ ಸೆಂಟಿಮೀಟರ್. ನೂರು ಸಿಸಿ ಬೈಕ್ ಎನ್ನುತ್ತಾರಲ್ಲ, ಅದರ ಎಂಜಿನ್ನಿನೊಳಗೆ ಪಿಸ್ಟನ್ ಒಮ್ಮೆ ಕೆಳಗಿನಿಂದ ಮೇಲಕ್ಕೆ ಹೋಗುವಾಗ ಸವರುವ ಜಾಗ ಸುಮಾರು ನೂರು ಮಿಲಿಲೀಟರ್. ಒಂದು ಲೋಟದಷ್ಟೂ ಇಲ್ಲ!

ಮಳೆಗೆ ಹಿಂತಿರುಗೋಣ. 25 ಮಿಲಿಮೀಟರ್ ಮಳೆ ಎಂದರೆ, ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನೆಲದ ಮೇಲೆ ಹಾಗೇ ನಿಂತಿದ್ದರೆ ಅದರ ಎತ್ತರ 25 ಮಿಲಿಮೀಟರ್ ಇರುತ್ತಿತ್ತು ಎಂದರ್ಥ. ಲೀಟರಿನಲ್ಲಿ ಹೇಳಲು ಹೊರಟರೆ ಎಷ್ಟು ಜಾಗದ ಮೇಲೆ ಬಿದ್ದದ್ದು ಎಂದೂ ಹೇಳಬೇಕಾಗುತ್ತದೆ. ಎತ್ತರ ಹೇಳಿದರೆ ಆ ತಾಪತ್ರಯವಿಲ್ಲ. ಒಂದೇ ಮಳೆ ಸಮನಾಗಿ ಸುರಿದಲ್ಲಿ ಗುಡಿಸಲಿಗೂ ವಿಧಾನಸೌಧಕ್ಕೂ ಅದೇ ಸಂಖ್ಯೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ನಿಂತಿದೆ ಎಂದುಕೊಳ್ಳಿ. ಎಲ್ಲವನ್ನೂ ಡೆಸಿಮೀಟರಿಗೆ ತನ್ನಿ. ಉದ್ದ ಹತ್ತು, ಅಗಲ ಹತ್ತು, ಎತ್ತರ ನೂರರಲ್ಲಿ ಒಂದು ಪಾಲು. ಗುಣಿಸಿದರೆ ಒಂದು ಘನ ಡೆಸಿಮೀಟರ್, ಅಂದರೆ ಒಂದು ಲೀಟರ್. ಒಂದು ಮಿಲಿಮೀಟರ್ ಮಳೆ, ಒಂದು ಚದರ ಮೀಟರ್ ಜಾಗ, ಒಂದು ಲೀಟರ್ ನೀರು. ಮೆಟ್ರಿಕ್ ಪದ್ಧತಿಯಲ್ಲಿ ನನಗೆ ಬಲು ಇಷ್ಟವಾದ ಲೆಕ್ಕವಿದು.

ಇನ್ನು ಜಾಗದ ಅಳತೆ. ಬೆಂಗಳೂರಿನಲ್ಲಿ ಸೈಟು ಎಂದರೆ ಇವತ್ತಿಗೂ ಅಡಿಯೇ, 'ಥರ್ಟಿ ಫಾರ್ಟಿ' ಸೈಟು. 30 ಅಡಿ ಅಗಲ, 40 ಅಡಿ ಉದ್ದ, 1200 ಚದರಡಿ. ಒಂದು ಮೀಟರಿಗೆ ಸುಮಾರು 3.28 ಅಡಿ. ಹಾಗಂತ 1200ನ್ನು 3.28ರಿಂದ ಒಂದೇ ಸಲ ಭಾಗಿಸಿದರೆ 366 ಬರುತ್ತದೆ. ಅದು ತಪ್ಪು, ಮೊದಲು ಹೇಳಿದ ಅದೇ ತಪ್ಪು ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ, ಎರಡು ಸಲ ಭಾಗಿಸಬೇಕು. ಇಲ್ಲವೇ 3.28ನ್ನು 3.28ರಿಂದಲೇ ಗುಣಿಸಿ ಬರುವ 10.76ರಿಂದ ಒಮ್ಮೆ ಭಾಗಿಸಬೇಕು. ಉತ್ತರ ಸುಮಾರು 111 ಚದರ ಮೀಟರ್. ಸರಿಯೋ ತಪ್ಪೋ ನೋಡುವುದು ಸುಲಭ: 30 ಅಡಿ ಎಂದರೆ 9 ಮೀಟರಿಗಿಂತ ತುಸು ಹೆಚ್ಚು, 40 ಅಡಿ ಎಂದರೆ 12 ಮೀಟರಿಗಿಂತ ತುಸು ಹೆಚ್ಚು. 9 ಗುಣಿಸು 12 ಎಂದರೆ 108. ಉತ್ತರ ಅದರ ಆಸುಪಾಸಿನಲ್ಲೇ ಇರಬೇಕು. 366 ಬಂದರೆ ಎಲ್ಲೋ ಕೈತಪ್ಪಿದೆ.

ಸುತ್ತ ಸ್ವಲ್ಪ ಜಾಗ ಬಿಟ್ಟು ಕಟ್ಟಿದ್ದಾರೆ, ತಾರಸಿ 9 ಮೀಟರ್ ಅಗಲ, 10 ಮೀಟರ್ ಉದ್ದ ಇದೆ ಎಂದಿಟ್ಟುಕೊಳ್ಳಿ. 90 ಚದರ ಮೀಟರ್. 25 ಮಿಲಿಮೀಟರ್ ಮಳೆ ಬಂದರೆ 90 ಗುಣಿಸು 25, ಅಂದರೆ 2250 ಲೀಟರ್. ಕೆಳಗಿನ ಸಂಪು 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಇದ್ದರೆ ನಾಲ್ಕೂವರೆ ಘನ ಮೀಟರ್, ಅಂದರೆ 4500 ಲೀಟರ್. ಒಂದು ಸಂಜೆಯ ಮಳೆಗೆ ಖಾಲಿ ಸಂಪು ಸರಿಯಾಗಿ ಅರ್ಧ ತುಂಬಬೇಕು, ಗೋಡೆಯ ಮೇಲೆ 75 ಸೆಂಟಿಮೀಟರಿನ ತನಕ.

ನಿಜವಾಗಿ ಅಷ್ಟು ತುಂಬುವುದಿಲ್ಲ. ಒಣಗಿ ಕಾದಿದ್ದ ತಾರಸಿ ಮೊದಲು ಒಂದಿಷ್ಟು ನೀರು ಕುಡಿಯುತ್ತದೆ, ತಗ್ಗಿದ್ದ ಕಡೆ ಒಂದಿಷ್ಟು ನಿಲ್ಲುತ್ತದೆ. ಧೂಳು, ಎಲೆ, ಪಾರಿವಾಳದ ಹಿಕ್ಕೆ ತೊಳೆದುಕೊಂಡು ಬರುವ ಮೊದಲ ನೀರನ್ನು ನಾವೇ ಆಚೆ ಬಿಡುತ್ತೇವೆ. ಹಾಗಾಗಿ ನೂರಕ್ಕೆ ಎಂಬತ್ತು ಪಾಲು ಸಿಕ್ಕೀತು ಎಂದು ಲೆಕ್ಕ ಹಿಡಿಯುವುದುಂಟು. 2250ರಲ್ಲಿ ಎಂಬತ್ತು ಪಾಲು 1800 ಲೀಟರ್, ಸಂಪಿನಲ್ಲಿ 60 ಸೆಂಟಿಮೀಟರ್. ಅಳೆದು ನೋಡಿದಾಗ 6 ಸೆಂಟಿಮೀಟರ್ ಮಾತ್ರ ಏರಿದ್ದರೆ ಪೈಪಿನಲ್ಲೋ ಲೆಕ್ಕದಲ್ಲೋ ತೊಂದರೆಯಿದೆ. ಸೊನ್ನೆ ತಪ್ಪಿದಾಗ ಉತ್ತರ ಸ್ವಲ್ಪ ತಪ್ಪುವುದಿಲ್ಲ, ಹತ್ತು ಪಟ್ಟು ತಪ್ಪುತ್ತದೆ. ಅದರಿಂದಲೇ ಪತ್ತೆಹಚ್ಚಬಹುದು.

ಇದೇ ಸಂಪು ಪೂರ್ತಿ ಖಾಲಿಯಿದ್ದಾಗ 6000 ಲೀಟರಿನ ಟ್ಯಾಂಕರ್ ತರಿಸಿದರೆ ಏನಾಗುತ್ತದೆ, ನೀವೇ ಹೇಳಿ. ಒಂದೂವರೆ ಸಾವಿರ ಲೀಟರ್ ಮಿಕ್ಕುತ್ತದೆ. ಅಂದಹಾಗೆ, ಒಂದು ಲೀಟರ್ ನೀರಿನ ತೂಕ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ. ಹಾಗಾಗಿ ಆ ಟ್ಯಾಂಕರ್ ಹೊತ್ತು ತಂದ ನೀರಿನ ತೂಕವೇ ಆರು ಟನ್. ಎಣ್ಣೆಗೆ ಈ ಲೆಕ್ಕ ಹಾಕಬೇಡಿ, ಒಂದು ಲೀಟರ್ ಅಡುಗೆ ಎಣ್ಣೆ ಒಂದು ಕಿಲೋಗೆ ಕಡಿಮೆ ತೂಗುತ್ತದೆ. ಎಣ್ಣೆಯ ಪ್ಯಾಕೆಟ್ಟಿನ ಮೇಲೆ ಲೀಟರಿನ ಪಕ್ಕದಲ್ಲಿ ಗ್ರಾಂ ಕೂಡ ಬರೆದಿರುತ್ತಾರೆ, ಓದಿ ನೋಡಿ.

ಸಂಕೇತಗಳ ಬಗ್ಗೆ ಎರಡು ಮಾತು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಚಿಕ್ಕಕ್ಷರ, ದೊಡ್ಡಕ್ಷರ ಎರಡಕ್ಕೂ ಅರ್ಥ ಬೇರೆ. ಕಿಲೋಮೀಟರಿಗೆ ಚಿಕ್ಕ ಕೆ, ಚಿಕ್ಕ ಎಂ: km. ದೊಡ್ಡ ಕೆ ಎಂದರೆ ತಾಪಮಾನದ ಕೆಲ್ವಿನ್. ಎಷ್ಟೇ ಕಿಲೋಮೀಟರಾದರೂ ಕೊನೆಗೆ ಎಸ್ ಸೇರಿಸಬಾರದು, ಚುಕ್ಕಿಯೂ ಬೇಡ. ಗ್ರಾಮಿಗೆ ಬರೀ g, ಅಂಗಡಿ ಬೋರ್ಡಿನಲ್ಲಿ gms ಅಂತ ಇದ್ದರೆ ನಕ್ಕು ಮುಂದೆ ಹೋಗಿ. ಆದರೆ ಎಂ ವಿಷಯದಲ್ಲಿ ನಗುವ ಹಾಗಿಲ್ಲ. ಚಿಕ್ಕ ಎಂ ಬರೆದು mL ಎಂದರೆ ಮಿಲಿಲೀಟರ್, ಲೀಟರಿನ ಸಾವಿರದ ಒಂದು ಪಾಲು. ದೊಡ್ಡ ಎಂ ಬರೆದು ML ಎಂದರೆ ಮೆಗಾಲೀಟರ್, ಹತ್ತು ಲಕ್ಷ ಲೀಟರ್. ಎರಡರ ನಡುವೆ ಒಂಬತ್ತು ಸೊನ್ನೆ! 2024ರಲ್ಲಿ ಕಾವೇರಿ ಐದನೇ ಹಂತದ ಯೋಜನೆ ಶುರುವಾದಾಗ ಪತ್ರಿಕೆಗಳಲ್ಲಿ 775 ಎಂಎಲ್‌ಡಿ ಎಂದು ಓದಿರಬಹುದು. ಅದು ದಿನಕ್ಕೆ 775 ಮೆಗಾಲೀಟರ್, ಅಂದರೆ ಏಳೂಮುಕ್ಕಾಲು ಲಕ್ಷ ಘನ ಮೀಟರ್. ಅದನ್ನು ಚಿಕ್ಕ ಎಂ ಎಂದು ಓದಿದರೆ ಇಡೀ ಯೋಜನೆಯ ಒಂದು ದಿನದ ನೀರು ಒಂದು ಬಾಟಲಿಯಲ್ಲಿ ಹಿಡಿಸುತ್ತದೆ.

ಈಗ ನಿಮಗೊಂದು ಕೆಲಸ. ಗೇಟಿನ ಹತ್ತಿರ ನೀರಿನ ಮೀಟರ್ ಇದ್ದರೆ ಮುಚ್ಚಳ ತೆಗೆದು ನೋಡಿ. ಸಾಮಾನ್ಯವಾಗಿ ಕಪ್ಪು ಅಂಕಿಗಳು ಪೂರ್ತಿ ಘನ ಮೀಟರನ್ನು, ಕೆಂಪು ಅಂಕಿಗಳು ಅಥವಾ ಕೆಂಪು ಮುಳ್ಳುಗಳು ಅದರೊಳಗಿನ ಪಾಲನ್ನು ತೋರಿಸುತ್ತವೆ. ಇವತ್ತು ಒಮ್ಮೆ ಬರೆದುಕೊಳ್ಳಿ, ಒಂದು ವಾರ ಬಿಟ್ಟು ಅದೇ ಹೊತ್ತಿಗೆ ಮತ್ತೆ ಬರೆದುಕೊಳ್ಳಿ. ಕಳೆದು ಬಂದದ್ದನ್ನು ಸಾವಿರದಿಂದ ಗುಣಿಸಿ, ಏಳರಿಂದ ಭಾಗಿಸಿ, ಮನೆಯಲ್ಲಿ ಎಷ್ಟು ಜನರಿದ್ದೀರೋ ಅಷ್ಟರಿಂದ ಇನ್ನೊಮ್ಮೆ ಭಾಗಿಸಿ. ಒಬ್ಬರಿಗೆ ದಿನಕ್ಕೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. ಉತ್ತರ ಹತ್ತು ಲೀಟರ್ ಎಂದೋ ಹತ್ತು ಸಾವಿರ ಲೀಟರ್ ಎಂದೋ ಬಂದರೆ, ಕೆಂಪು ಅಂಕಿಯನ್ನು ಕಪ್ಪೆಂದು ಓದಿದ್ದೀರೋ, ಸೊನ್ನೆ ಬಿಟ್ಟಿದ್ದೀರೋ ಮೊದಲು ಅದನ್ನು ನೋಡಿ. ನಮಸ್ಕಾರ.