ಕೈ ದಾಟುವ ಪತ್ರ

ಕೇಳುಗರಿಗೆ ನಮಸ್ಕಾರ.

ಮೊದಲು ಒಂದು ಇಮೇಲ್ ಓದಿಬಿಡುತ್ತೇನೆ, ಬಹಳ ಸಣ್ಣದು. ಮೂಲ ಇಂಗ್ಲಿಷಿನಲ್ಲಿತ್ತು, ಅದರ ಕನ್ನಡ ಹೀಗೆ: "ಹಾಯ್ ಸರ್, ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ನಿಮ್ಮ ಕಂಪನಿಯಲ್ಲಿ ಇಂಟರ್ನ್‌ಶಿಪ್ ಸಿಗುತ್ತದೆಯೇ? ಯಾವ ಕೆಲಸವಾದರೂ ಪರವಾಗಿಲ್ಲ. ಬೇಗ ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ. ಥ್ಯಾಂಕ್ಸ್." ವಿಷಯದ ಸಾಲು ಖಾಲಿ ಇತ್ತು. ರೆಸ್ಯೂಮೆ ಲಗತ್ತಾಗಿರಲೇ ಇಲ್ಲ.

ಬರೆದವಳು ನನ್ನ ಅಕ್ಕನ ಮಗಳು. ತುಮಕೂರಿನ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗ, ಆರನೆಯ ಸೆಮಿಸ್ಟರ್. "ಮಾವ, 30 ಕಂಪನಿಗಳಿಗೆ ಕಳುಹಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ" ಎಂದು ಮುಖ ಊದಿಸಿಕೊಂಡು ಮೊಬೈಲ್ ತೋರಿಸಿದಳು. 30 ಕಂಪನಿಗಳ ವಿಳಾಸಗಳನ್ನೂ ಒಂದೇ ಸಾಲಿನಲ್ಲಿ ತುಂಬಿದ್ದಳು. ಎಂದರೆ ಯಾರ ಯಾರ ಮನೆಯ ಕದ ತಟ್ಟಿದ್ದಾಳೆ ಎಂಬುದು ಎಲ್ಲರಿಗೂ ಕಾಣುತ್ತದೆ. ಹಾಗೆ ಬಂದ ಪತ್ರವನ್ನು ತೆರೆದವನು, ಉಳಿದ 29 ಮಂದಿಯಲ್ಲಿ ಯಾರಾದರೂ ಉತ್ತರಿಸಿಯಾರು ಎಂದುಕೊಂಡು ಮುಚ್ಚಿಡುತ್ತಾನೆ. ನಾನೇ ಎಷ್ಟೋ ಸಲ ಹಾಗೆ ಮಾಡಿದ್ದೇನೆ.

ಏಕೆಂದರೆ ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯ ಕಚೇರಿಯಲ್ಲಿ ನಾನು ಬಹಳ ವರ್ಷ ಕುಳಿತಿದ್ದವನು. ಕಂಪನಿಯ ಸಾಮಾನ್ಯ ವಿಳಾಸಕ್ಕೆ ಬಂದ ಇಮೇಲ್‌ಗಳನ್ನೆಲ್ಲ ಮೊದಲು ತೆರೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಉಕ್ಕಿನ ದರಪಟ್ಟಿ, ಬಾಕಿ ಹಣದ ನೆನಪೋಲೆ, ಲಾರಿಯವನ ತಕರಾರು, ಇವುಗಳ ನಡುವೆ ಒಂದು "ಹಾಯ್ ಸರ್". ಆ ಡಬ್ಬಿಯನ್ನು ತೆರೆಯುವವನಿಗೆ ಯಾರನ್ನೂ ಒಳಕ್ಕೆ ಸೇರಿಸಿಕೊಳ್ಳುವ ಅಧಿಕಾರವಿಲ್ಲ. ಇದನ್ನು ವಿದ್ಯಾರ್ಥಿಗಳು ಊಹಿಸಿಯೇ ಇರುವುದಿಲ್ಲ. ನಾನು ಪತ್ರವನ್ನು ಉತ್ಪಾದನಾ ವಿಭಾಗದ ಮ್ಯಾನೇಜರಿಗೋ ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೋ ದಾಟಿಸಬೇಕು. ಅವರು ಒಪ್ಪಿದರೆ ಮಾಲೀಕರ ಬಳಿಗೆ ಹೋಗುತ್ತದೆ. ಮಾಲೀಕರು ಕೇಳುವುದು ಒಂದೇ ಪ್ರಶ್ನೆ: "ಗೇಟಿನೊಳಗೆ ಬಂದ ಹುಡುಗನಿಗೆ ಏನಾದರೂ ಪೆಟ್ಟಾದರೆ ಯಾರು ಹೊಣೆ?"

ಅಂದರೆ ಪತ್ರ ಮೂರು ಕೈ ದಾಟಬೇಕು. ದಾಟಿಸುವವನು ಮೇಲೆ "ನೋಡಿ" ಎಂಬ ಒಂದು ಮಾತು ಬರೆಯುತ್ತಾನೆ, ಅಷ್ಟೇ. ಉಳಿದುದನ್ನೆಲ್ಲ ಪತ್ರವೇ ಹೇಳಬೇಕು. "ಯಾವ ಕೆಲಸವಾದರೂ ಪರವಾಗಿಲ್ಲ" ಎಂದು ಬರೆದರೆ ಅದನ್ನು ಯಾವ ವಿಭಾಗಕ್ಕೆ ದಾಟಿಸಲಿ? ಹುಡುಗಿ ಅದನ್ನು ವಿನಯ ಎಂದುಕೊಂಡಿದ್ದಳು. ನನಗದು ಹೊಸ ಕೆಲಸ. ಯಾವ ವಿಭಾಗ, ಯಾವ ತಿಂಗಳು, ಎಷ್ಟು ವಾರ ಎಂದು ನಾನೇ ತಿರುಗಿ ಬರೆದು ಕೇಳಬೇಕು. ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ಹೇಳಿದ ಮೇಲೆ ಅವಳು ಮರುದಿನ ಎರಡನೆಯ ಕರಡು ತಂದಳು. ಅದು ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. "ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ನನ್ನ ಜ್ಞಾನದಾಹವನ್ನು ತಣಿಸಿಕೊಳ್ಳುವ ಸುವರ್ಣಾವಕಾಶವನ್ನು ಕರುಣಿಸಬೇಕಾಗಿ ಸವಿನಯ ಪ್ರಾರ್ಥನೆ" ಎಂದು ಶುರುವಾಗಿ, ತಾನು ಪರಿಶ್ರಮಿ, ಬೇಗ ಕಲಿಯುವವಳು, ತಂಡದಲ್ಲಿ ಹೊಂದಿಕೊಳ್ಳುವವಳು ಎಂದು ಒಂದು ಪುಟ ಸಾಗಿತ್ತು. ರಜೆ ಚೀಟಿ ಬರೆಯಿಸಿ ಬರೆಯಿಸಿ ನಮ್ಮ ಶಾಲೆಗಳು ಕೂರಿಸಿರುವ ಭಾಷೆ ಇದು. ಸಡಿಲವಾದ ಕರಡನ್ನು ತಿದ್ದು ಎಂದರೆ ಹೆಚ್ಚಿನವರು ಅದಕ್ಕೆ ಪೇಟ ಸುತ್ತಿ ಶಾಲು ಹೊದಿಸುತ್ತಾರೆ. ಆದರೆ ಮೊದಲ ಕರಡಿನಲ್ಲಿ ಇಲ್ಲದ ಒಂದು ಸಂಗತಿಯೂ ಈ ಎರಡನೆಯದರಲ್ಲಿ ಇರಲಿಲ್ಲ. ಕಂಪನಿಯ ಹೆಸರನ್ನು ಬದಲಿಸಿದರೆ ಅದೇ ಪತ್ರ ಬ್ಯಾಂಕಿಗೂ ಹೋಗಬಹುದಿತ್ತು, ಬಿಸ್ಕತ್ತಿನ ಕಾರ್ಖಾನೆಗೂ ಹೋಗಬಹುದಿತ್ತು.

ಆಗ ಕರಡನ್ನು ಬದಿಗಿಟ್ಟು ಕೇಳಿದೆ: "ಲ್ಯಾಬಿನಲ್ಲಿ ನಿನ್ನ ಕೈಯಾರೆ ಏನು ಮಾಡಿದ್ದೀಯೆ?"

"ಅಂಥದ್ದೇನೂ ಇಲ್ಲ ಮಾವ. ಲೇತ್‌ನಲ್ಲಿ ಪಿನ್ ಕಡೆದೆವು."

"ಎಷ್ಟು?"

"30. 20 ಮಿಲಿಮೀಟರ್ ವ್ಯಾಸ. 0.05 ಹೆಚ್ಚು ಕಡಿಮೆ ಆಗಬಹುದು ಎಂದಿದ್ದರು."

"ಎಲ್ಲವೂ ಸರಿ ಬಂದವೇ?"

ಇಲ್ಲಿ ಅವಳ ಮುಖ ಬದಲಾಯಿತು. ಎಲ್ಲವನ್ನೂ ಮೈಕ್ರೋಮೀಟರಿನಲ್ಲಿ ಅಳೆದಿದ್ದಳು. ಮೊದಲ ಪಿನ್‌ಗಳು ಸರಿಯಾಗಿದ್ದವು, ಆಮೇಲೆ ವ್ಯಾಸ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತಾ ಹೋಗಿ, ಕೊನೆಯ 4 ಪಿನ್ ಮಿತಿ ಮೀರಿದ್ದವು. ಗೆಳತಿಯರು ಅಳತೆಯೇ ತಪ್ಪಿರಬೇಕು ಎಂದರಂತೆ. ಇವಳು 30 ಅಳತೆಗಳನ್ನೂ ಕಡೆದ ಕ್ರಮದಲ್ಲೇ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ನೋಡಿದಳು. ಚುಕ್ಕೆಗಳು ಅಡ್ಡಾದಿಡ್ಡಿ ಚೆದುರದೆ ಮೆಲ್ಲಗೆ ಮೇಲೇರುತ್ತಿದ್ದವು. ಟೂಲಿನ ಮೊನೆ ಸವೆಯುತ್ತಿತ್ತು. ಮೊನೆ ಸವೆದಷ್ಟೂ ಅದು ಲೋಹವನ್ನು ಕಡಿಮೆ ಕಡೆಯುತ್ತದೆ, ಪಿನ್ ದಪ್ಪವಾಗುತ್ತದೆ.

"ಇದನ್ನು ಏಕೆ ಬರೆಯಲಿಲ್ಲ?"

"ಇದನ್ನೆಲ್ಲ ಯಾರು ಓದುತ್ತಾರೆ ಮಾವ? ನಾಲ್ಕು ಪಿನ್ ಕೆಟ್ಟಿದ್ದನ್ನು ಬರೆಯುವುದೇ?"

ಕೇಳುಗರೇ, ಗುಣಮಟ್ಟ ವಿಭಾಗದವರು ದಿನವಿಡೀ ನೋಡುವುದು ಇದನ್ನೇ. ಹತ್ತು ಸಾಲು ವಿಶೇಷಣಗಳಲ್ಲಿ ಕಾಣದ ಮನುಷ್ಯ ಆ ಕೆಟ್ಟ 4 ಪಿನ್‌ಗಳಲ್ಲಿ ಕಾಣುತ್ತಾನೆ. ಮೂರನೆಯ ಕರಡನ್ನು ಅದರ ಸುತ್ತಲೇ ಕಟ್ಟಿದೆವು. ನಿಧಾನವಾಗಿ ಓದುತ್ತೇನೆ. ವಿಷಯದ ಸಾಲು ಹೀಗಿತ್ತು: "ಇಂಟರ್ನ್‌ಶಿಪ್ ವಿಚಾರಣೆ: ಗುಣಮಟ್ಟ ವಿಭಾಗ, ಜುಲೈ 6ರಿಂದ 4 ವಾರ". ಪತ್ರ ಹೀಗಿತ್ತು.

"ಮಾನ್ಯರೇ, ನಾನು ತುಮಕೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಆರನೆಯ ಸೆಮಿಸ್ಟರಿನ ವಿದ್ಯಾರ್ಥಿನಿ. ಜುಲೈ 6ರಿಂದ ಆಗಸ್ಟ್ 1ರವರೆಗೆ ನಿಮ್ಮ ಗುಣಮಟ್ಟ ವಿಭಾಗದಲ್ಲಿ ಇಂಟರ್ನ್‌ಶಿಪ್‌ಗೆ ಅವಕಾಶವಿದೆಯೇ ಎಂದು ತಿಳಿಯಲು ಬರೆಯುತ್ತಿದ್ದೇನೆ. ನೀವು ಹೈಡ್ರಾಲಿಕ್ ವಾಲ್ವ್‌ಗಳ ಬಿಡಿಭಾಗ ತಯಾರಿಸುತ್ತೀರಿ ಎಂದು ನಿಮ್ಮ ಜಾಲತಾಣದಲ್ಲಿ ಓದಿದೆ. ಅಂಥ ಭಾಗಗಳ ಅಳತೆ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಕಲಿಯಬೇಕೆಂದಿದ್ದೇನೆ. ಕಾಲೇಜಿನ ಲೇತ್‌ನಲ್ಲಿ 20 ಮಿಲಿಮೀಟರ್ ವ್ಯಾಸದ 30 ಪಿನ್ ಕಡೆದು ಮೈಕ್ರೋಮೀಟರಿನಲ್ಲಿ ಅಳೆದಾಗ ಕೊನೆಯ 4 ಪಿನ್ ಮಿತಿ ಮೀರಿದ್ದವು. ಅಳತೆಗಳನ್ನು ಕ್ರಮವಾಗಿ ಗುರುತಿಸಿ ನೋಡಿದಾಗ ಟೂಲ್ ಸವೆತವೇ ಕಾರಣವೆಂದು ಕಂಡಿತು. ಆ ಗ್ರಾಫ್ ರೆಸ್ಯೂಮೆಯ ಎರಡನೆಯ ಪುಟದಲ್ಲಿದೆ. ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್ ಬಳಸಬಲ್ಲೆ. ಸಿಎಂಎಂ ಯಂತ್ರವನ್ನು ನೋಡಿದ್ದೇನೆ, ನಡೆಸಿಲ್ಲ. ಕಾಲೇಜಿನ ಅನುಮತಿ ಪತ್ರ ಮತ್ತು ಅಪಘಾತ ವಿಮೆಯ ಪ್ರತಿಯನ್ನು ತರುತ್ತೇನೆ. ವಸತಿಗೆ ಬೆಂಗಳೂರಿನಲ್ಲಿ ಬಂಧುಗಳ ಮನೆಯಿದೆ. ಈ ವಿಚಾರವನ್ನು ಬೇರೆಯವರು ನೋಡಿಕೊಳ್ಳುವುದಾದರೆ ಅವರಿಗೆ ತಲುಪಿಸಬೇಕೆಂದು ಕೋರುತ್ತೇನೆ." ಕೆಳಗೆ ಹೆಸರು, ಕಾಲೇಜು, ಫೋನ್ ಸಂಖ್ಯೆ.

"ನಡೆಸಿಲ್ಲ" ಎಂಬ ಮಾತಿಗೆ ಹುಡುಗಿ ತಕರಾರು ತೆಗೆದಳು. ಆ ಮಾತನ್ನು ಅಳಿಸಬೇಡ ಎಂದೆ. ಸಿಎಂಎಂ ಎಂದರೆ ಮೂರು ದಿಕ್ಕಿನ ಅಳತೆ ತೆಗೆದುಕೊಳ್ಳುವ ದುಬಾರಿ ಯಂತ್ರ. ಗೊತ್ತು ಎಂದು ಬರೆದು ಮೊದಲ ದಿನವೇ ಅದರ ಮುಂದೆ ಕೈಕಟ್ಟಿ ನಿಂತರೆ ಉಳಿದ ಸಾಲುಗಳೂ ಸುಳ್ಳಾಗುತ್ತವೆ. ಗೊತ್ತಿಲ್ಲದ್ದನ್ನು ಒಂದು ಕಡೆ ಒಪ್ಪಿಕೊಂಡಿದ್ದರೆ ಓದುವವನು ಗೊತ್ತು ಎಂದಿರುವುದನ್ನು ನಂಬುತ್ತಾನೆ. ವಸತಿಯ ಸಾಲು ಬೇಡವೆನ್ನಿಸಿತ್ತು, ಆದರೆ ತುಮಕೂರು ಎಂದು ನೋಡಿದ ಕೂಡಲೇ ದಿನವೂ ರೈಲಿನಲ್ಲಿ ಓಡಾಡುತ್ತಾಳೆಯೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇರಲಿ ಎಂದೆ. ಗೌರವಧನದ ಮಾತನ್ನು ಮಾತ್ರ ಎತ್ತಲಿಲ್ಲ. ಅದನ್ನು ಕೇಳುವುದರಲ್ಲಿ ತಪ್ಪೇನಿಲ್ಲ, ಆದರೆ ಅವರು ಬಾ ಎಂದ ಮೇಲೆ, ಎರಡನೆಯ ಪತ್ರದಲ್ಲಿ.

ಲಗತ್ತಿನದೇ ಒಂದು ಕಥೆ. ಅವಳ ಕಡತದ ಹೆಸರು `resume_final_new2.pdf` ಎಂದಿತ್ತು. ನನ್ನ ಕಂಪ್ಯೂಟರಿನಲ್ಲಿ ಇಂಥ ಹೆಸರಿನ ಕಡತಗಳು ಒಂದು ಹಿಂಡೇ ಇದ್ದವು. ಯಾವುದು ಯಾರದೆಂದು ತೆರೆದೇ ನೋಡಬೇಕಿತ್ತು. ಹೆಸರು, ವಿಭಾಗ, ಕಾಲೇಜು ಎಂದು ಬದಲಿಸಿದೆವು. ಕೆಲವರು ಕಡತದ ಬದಲು ಗೂಗಲ್ ಡ್ರೈವ್ ಕೊಂಡಿ ಕಳುಹಿಸುತ್ತಾರೆ. ಅದನ್ನು ಎಲ್ಲರೂ ನೋಡುವಂತೆ ತೆರೆದಿಡದಿದ್ದರೆ, ಒತ್ತಿದವನಿಗೆ ಅನುಮತಿ ಕೇಳಿ ಎಂಬ ಪರದೆ ಬರುತ್ತದೆ. ಕೆಲಸ ಕೊಡುವವನು ವಿದ್ಯಾರ್ಥಿಯ ಅನುಮತಿ ಕೇಳುತ್ತಾ ಕೂರುವುದು ನಡೆಯದ ಮಾತು. ಲಗತ್ತು ಮರೆಯುವ ರೋಗಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಮೊದಲು ಕಡತವನ್ನು ಲಗತ್ತಿಸುವುದು, ಆಮೇಲೆ ಪತ್ರ ಬರೆಯುವುದು, ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ತುಂಬುವುದು. ವಿಳಾಸವಿಲ್ಲದ ಪತ್ರ ಕೈತಪ್ಪಿಯೂ ಹೋಗುವುದಿಲ್ಲ.

30 ಕಂಪನಿಗಳ ಪಟ್ಟಿಯನ್ನು 8ಕ್ಕೆ ಇಳಿಸಿದೆವು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳನ್ನು ಬಿಟ್ಟೆವು. ಅವು ಸಾಮಾನ್ಯವಾಗಿ ತಮ್ಮದೇ ಜಾಲತಾಣದಲ್ಲಿ ಅರ್ಜಿ ತೆಗೆದುಕೊಳ್ಳುತ್ತವೆ, ಇಮೇಲ್ ಅಲ್ಲಿ ಬಾಗಿಲು ತೆರೆಯುವುದು ಅಪರೂಪ. ಉಳಿದ 8 ಪತ್ರಗಳಲ್ಲಿ "ಜಾಲತಾಣದಲ್ಲಿ ಓದಿದೆ" ಎಂಬ ಆ ಸಾಲು ಮಾತ್ರ ಪ್ರತಿಯೊಂದಕ್ಕೂ ಬೇರೆ ಬೇರೆ. ಆ ಒಂದು ಸಾಲಿಗೆ ಒಂದೊಂದು ಕಂಪನಿಗೂ ಹದಿನೈದು ನಿಮಿಷ ಹಿಡಿಯಿತು, ಹುಡುಗಿ ಗೊಣಗಿದಳು. ಗೊಣಗಲಿ. ಒಂದು ಪತ್ರದಲ್ಲಿ ಹಿಂದಿನ ಕಂಪನಿಯ ಹೆಸರು ಹಾಗೇ ಉಳಿದುಬಿಟ್ಟಿತ್ತು. ಕಳುಹಿಸುವ ಮೊದಲು ಗಟ್ಟಿಯಾಗಿ ಓದು ಎಂದಾಗ ಅವಳ ಕಿವಿಗೇ ಅದು ಸಿಕ್ಕಿತು.

ಒಂದು ವಾರ ಉತ್ತರವಿಲ್ಲ. ನೆನಪಿಸಿ ಬರೆಯಲೇ ಎಂದಳು. ಆಗ ತಿಂಗಳ 28ನೆಯ ತಾರೀಕು. ತಿಂಗಳ ಕೊನೆ ಎಂದರೆ ಕಾರ್ಖಾನೆಯಲ್ಲಿ ಮಾಲು ಸಾಗಿಸುವ ಗಡಿಬಿಡಿ, ಊಟಕ್ಕೂ ಎದ್ದು ಹೋಗದ ದಿನಗಳು. 4ನೆಯ ತಾರೀಕಿನವರೆಗೆ ತಡೆದೆ. ಆಮೇಲೆ ಹೊಸ ಪತ್ರ ಬರೆಯದೆ, ಹಳೆಯ ಪತ್ರಕ್ಕೇ ಉತ್ತರದ ರೂಪದಲ್ಲಿ ಎರಡು ಸಾಲು ಬರೆಯಿಸಿದೆ. ಹಾಗೆ ಮಾಡಿದರೆ ಕೆಳಗೆ ಮೂಲ ಪತ್ರ ಇದ್ದೇ ಇರುತ್ತದೆ, ಓದುವವನು ಹುಡುಕಬೇಕಿಲ್ಲ. "ಹಿಂದಿನ ತಿಂಗಳು ಬರೆದಿದ್ದೆ. ಜುಲೈಗೆ ಅವಕಾಶವಿಲ್ಲದಿದ್ದರೆ ಅದನ್ನು ತಿಳಿಸಿದರೂ ಉಪಕಾರ" ಎಂದಷ್ಟೇ. ಇಲ್ಲ ಎನ್ನುವುದು ಸುಲಭವಾದಾಗ ಜನ ಉತ್ತರ ಬರೆಯುತ್ತಾರೆ. ಮೂವರು ಇಲ್ಲ ಎಂದು ಬರೆದರು. ನಾಲ್ವರು ಅದನ್ನೂ ಬರೆಯಲಿಲ್ಲ.

ಎಂಟನೆಯವರ ಉತ್ತರವನ್ನು ಅವಳು ನನಗೆ ಹಾಗೇ ಕಳುಹಿಸಿದ್ದಳು. ಕೆಳಗಿನಿಂದ ಮೇಲಕ್ಕೆ ಓದಿದೆ. ತಳದಲ್ಲಿ ಅವಳ ಪತ್ರ. ಅದರ ಮೇಲೆ ನನ್ನಂಥ ಯಾರೋ ಬರೆದ ಒಂದೇ ಮಾತು: "ನೋಡಿ". ಅದರ ಮೇಲೆ ಇನ್ನೊಬ್ಬರ ಸಾಲು: "ಗ್ರಾಫ್ ನೋಡಿದೆ, ಬರಲಿ." ಎಲ್ಲಕ್ಕಿಂತ ಮೇಲೆ ಅವಳಿಗೆ ಬರೆದದ್ದು: "ಜುಲೈ 6, ಬೆಳಿಗ್ಗೆ 8.30. ಕಾಲೇಜಿನ ಪತ್ರ ತನ್ನಿ. ಸುರಕ್ಷತಾ ಶೂ ನೀವೇ ಕೊಳ್ಳಬೇಕು."

ಶೂ ಕೊಡಿಸಿದ್ದು ಈ ಸೋದರಮಾವ.

ನಮಸ್ಕಾರ.