ವಾಲೆಟ್ 95%, ಕಾರ್ಡ್ 70%: ಈ ಪಟ್ಟಿಯನ್ನು ನಂಬಿದರೆ ಎಲ್ಲಿ ಎಡವುತ್ತೀರಿ?

[ಸ್ಕ್ರೀನ್ ಮೇಲೆ: ಡ್ಯಾಶ್‌ಬೋರ್ಡ್‌ನ ಮೂರು ಸಾಲು]

ನಮಸ್ಕಾರ. ಇದು ಒಂದು ಆನ್‌ಲೈನ್ ಅಂಗಡಿಯ ಒಂದು ವಾರದ ಪೇಮೆಂಟ್ ಲೆಕ್ಕ. ಅಂಕಿಗಳು ನಾನೇ ಉದಾಹರಣೆಗೆ ಇಟ್ಟುಕೊಂಡದ್ದು. ಕಾರ್ಡ್‌ನಲ್ಲಿ 720 ಸಲ ಪ್ರಯತ್ನ, 504 ಪಾಸ್, ಅಂದರೆ 70%. ನೆಟ್ ಬ್ಯಾಂಕಿಂಗ್‌ನಲ್ಲಿ 280ಕ್ಕೆ 168, 60%. ವಾಲೆಟ್‌ನಲ್ಲಿ 140ಕ್ಕೆ 133, ಭರ್ತಿ 95%.

ಇದನ್ನು ನೋಡಿದವರು ಏನು ಹೇಳುತ್ತಾರೆ? "ವಾಲೆಟ್ ಸೂಪರ್, ಅದನ್ನೇ ಮೇಲೆ ಹಾಕಿ." ನಾನೂ ಹಿಂದೆ ಹಾಗೇ ಹೇಳುತ್ತಿದ್ದೆ.

ಆದರೆ ಇಲ್ಲಿ ಎಣಿಸಿರುವುದು ಗುಂಡಿ ಒತ್ತಿದ್ದನ್ನು, ಗ್ರಾಹಕರನ್ನಲ್ಲ. ಒಬ್ಬರು ಓಟಿಪಿ ತಪ್ಪಾಗಿ ಹಾಕಿ, ಎರಡನೇ ಸಲ ಸರಿ ಹಾಕಿ ದುಡ್ಡು ಕಟ್ಟಿದರು ಅಂದುಕೊಳ್ಳಿ. ಡ್ಯಾಶ್‌ಬೋರ್ಡ್ ಲೆಕ್ಕದಲ್ಲಿ ಅದು 50%. ನಿಮಗೆ ಮಾತ್ರ ವ್ಯಾಪಾರ ಪೂರ್ತಿ ಆಯಿತು, ಅಲ್ವಾ? ವಾಲೆಟ್‌ನಲ್ಲಿ ಇದು ಉಲ್ಟಾ. ವಾಲೆಟ್ ಆರಿಸಿದವರು ಬ್ಯಾಲೆನ್ಸ್ ಸಾಲದು ಅಂತ ನೋಡಿ, ಪೇ ಗುಂಡಿ ಒತ್ತದೇ ಹೊರಟರೆ ಅವರು ಲೆಕ್ಕಕ್ಕೇ ಬರುವುದಿಲ್ಲ. ಸೋಲುವವರು ಮೊದಲೇ ಎದ್ದು ಹೋದ ಮೇಲೆ 95% ಬರದೆ ಇನ್ನೇನು!

ಹಾಗಾಗಿ ಪ್ರತಿ ಆರ್ಡರ್‌ಗೂ ಎರಡೇ ಪ್ರಶ್ನೆ ಕೇಳಿ. ಗ್ರಾಹಕರು ಮೊದಲು ಆರಿಸಿದ್ದು ಯಾವ ದಾರಿ? ಕೊನೆಗೆ, ಯಾವ ದಾರಿಯಲ್ಲಾದರೂ ಸರಿ, ದುಡ್ಡು ಬಂತಾ?

[ಸ್ಕ್ರೀನ್ ಮೇಲೆ: ಅದೇ ವಾರ, ಈಗ ಆರ್ಡರ್ ಲೆಕ್ಕದಲ್ಲಿ]

ಅದೇ ವಾರದ 1000 ಆರ್ಡರ್ ನೋಡಿ. ಮೊದಲು ಕಾರ್ಡ್ ಆರಿಸಿದವರು 600, ಅದರಲ್ಲಿ 510 ಆರ್ಡರ್‌ಗೆ ದುಡ್ಡು ಬಂತು. ಅಂದರೆ 85%. ವಾಲೆಟ್ ಆರಿಸಿದವರು 150, ಬಂದದ್ದು 120, ಅಂದರೆ 95 ಅಲ್ಲ, 80%. ನೆಟ್ ಬ್ಯಾಂಕಿಂಗ್ 250ರಲ್ಲಿ 175, 70%. ಕಾರ್ಡ್ ಮತ್ತು ವಾಲೆಟ್ ಜಾಗ ಬದಲಾಯಿಸಿಕೊಂಡವು!

ಕಳೆದುಕೊಂಡ ಆರ್ಡರ್ ಎಣಿಸಿದರೆ ಕಾರ್ಡ್ 90, ನೆಟ್ ಬ್ಯಾಂಕಿಂಗ್ 75, ವಾಲೆಟ್ 30. ಕಾರ್ಡ್‌ನಲ್ಲೇ ಜಾಸ್ತಿ ಹೋಗಿದೆ, ನಿಜ. ಆದರೆ ಅದರಲ್ಲಿ ಬಹಳಷ್ಟು ನಿಮ್ಮ ಕೈಯಲ್ಲಿಲ್ಲ. ಬ್ಯಾಂಕ್ ಕಳಿಸುವ ಕೋಡ್ 51 ಅಂದರೆ ಖಾತೆಯಲ್ಲಿ ದುಡ್ಡಿಲ್ಲ, 54 ಅಂದರೆ ಕಾರ್ಡ್ ಅವಧಿ ಮುಗಿದಿದೆ. ಇವಕ್ಕೆ ನೀವು ಪೇಜ್ ಎಷ್ಟು ಚೆನ್ನಾಗಿ ಮಾಡಿದರೂ ಉಪಯೋಗ ಇಲ್ಲ, ಹೆಚ್ಚೆಂದರೆ ಕಾರಣವನ್ನು ಸರಿಯಾಗಿ ಹೇಳಿ ಬೇರೆ ದಾರಿ ತೋರಿಸಬಹುದು. 91 ಬಂದರೆ ಮಾತ್ರ ಮಾತು ಬೇರೆ, ಅದು ಬ್ಯಾಂಕ್ ಕಡೆಯ ಸಿಸ್ಟಮ್ ಸಿಗುತ್ತಿಲ್ಲ ಅಂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದರೆ ಆಗಬಹುದು.

ನಾನಾದರೆ ಮೊದಲು ಆ 75ಕ್ಕೆ ಕೈ ಹಾಕುತ್ತೇನೆ. ನೆಟ್ ಬ್ಯಾಂಕಿಂಗ್ ಅನ್ನುವುದು ಒಂದೇ ದಾರಿ ಅಲ್ಲ, ಎಷ್ಟು ಬ್ಯಾಂಕೋ ಅಷ್ಟು ದಾರಿ. ಬ್ಯಾಂಕ್ ಪ್ರಕಾರ ಬಿಡಿಸಿ ನೋಡಿದರೆ ಒಂದೇ ಬ್ಯಾಂಕಿನ 60 ಆರ್ಡರ್‌ನಲ್ಲಿ 45 ಹೋಗಿವೆ. ಉಳಿದ ಎಲ್ಲ ಬ್ಯಾಂಕ್ ಸೇರಿ 190ಕ್ಕೆ ಹೋದದ್ದು ಬರೀ 30. ನೆಟ್ ಬ್ಯಾಂಕಿಂಗ್ ಕೆಟ್ಟಿಲ್ಲ, ಒಂದು ಬಾಗಿಲು ಮುಚ್ಚಿದೆ ಅಷ್ಟೇ.

ಯಾಕೆ ಮುಚ್ಚಿದೆ? ಆ 45ರ ಸ್ಟೇಟಸ್ ನೋಡಿ. "ಫೇಲ್" ಅಂತಿದ್ದರೆ ಸಾಮಾನ್ಯವಾಗಿ ಬ್ಯಾಂಕ್ ಉತ್ತರ ಕೊಟ್ಟಿದೆ. "ಪೆಂಡಿಂಗ್" ಅಂತಲೇ ಇದ್ದು, ಬ್ಯಾಂಕಿನ ರೆಫರೆನ್ಸ್ ನಂಬರ್ ಕೂಡ ಇಲ್ಲದಿದ್ದರೆ ಗ್ರಾಹಕರು ನಿಮ್ಮ ಪೇಜ್‌ಗೂ ಬ್ಯಾಂಕ್ ಪೇಜ್‌ಗೂ ನಡುವೆ ಎಲ್ಲೋ ಕಳೆದುಹೋಗಿರಬಹುದು. ಆಮೇಲೆ ಮೊಬೈಲ್, ಕಂಪ್ಯೂಟರ್ ಬೇರೆ ಮಾಡಿ. ಹೋದದ್ದೆಲ್ಲ ಮೊಬೈಲ್‌ನವೇ ಆಗಿದ್ದರೆ ಆ್ಯಪ್ ಒಳಗೆ ತೆರೆಯುವ ಬ್ರೌಸರ್ ಮೇಲೆ ನನ್ನ ಅನುಮಾನ, ಬ್ಯಾಂಕ್ ಪೇಜ್ ಹೊಸ ಕಿಟಕಿಯಲ್ಲಿ ತೆರೆಯಲು ಹೋಗಿ ಅಲ್ಲೇ ಬ್ಲಾಕ್ ಆಗುವುದುಂಟು. ಸುಮ್ನೆ ಊಹಿಸಬೇಡಿ, ನಿಮ್ಮ ಫೋನಿನಲ್ಲೇ ಆ ಬ್ಯಾಂಕ್ ಆರಿಸಿ ನೋಡಿ, ಎರಡು ನಿಮಿಷದ ಕೆಲಸ.

ಎರಡು ಎಚ್ಚರಿಕೆ. ಪೆಂಡಿಂಗ್ ಇದ್ದದ್ದು ಎಷ್ಟೋ ಹೊತ್ತಿನ ಮೇಲೆ ಸಕ್ಸೆಸ್ ಆಗಬಹುದು. ಅಷ್ಟರಲ್ಲಿ ನೀವು ಆರ್ಡರ್ ರದ್ದು ಮಾಡಿದ್ದರೆ ಗ್ರಾಹಕರ ದುಡ್ಡು ಹೋಗಿದೆ, ಸಾಮಾನು ಇಲ್ಲ. ಆದ್ದರಿಂದ ಆ ದಿನವೇ ಎಣಿಸಬೇಡಿ. ನಿಮ್ಮ ಪೇಮೆಂಟ್ ನಡೆಸಿಕೊಡುವ ಗೇಟ್‌ವೇ ಕಂಪನಿಯ ಮಾರನೇ ದಿನದ ಸೆಟಲ್‌ಮೆಂಟ್ ಫೈಲ್, ಅಂದರೆ ನಿಜವಾಗಿ ಬಂದ ದುಡ್ಡಿನ ಪಟ್ಟಿ, ಅದರ ಜೊತೆ ತಾಳೆ ಹಾಕಿ, ಆಮೇಲೆ ಎಣಿಸಿ. ಇನ್ನೊಂದು, 60 ಆರ್ಡರ್ ಚಿಕ್ಕ ಸಂಖ್ಯೆ. ಯಾವುದೋ ಒಂದು ರಾತ್ರಿ ಬ್ಯಾಂಕ್ ಸರ್ವರ್ ಮಲಗಿದ್ದರೂ ಇಂಥ ಚಿತ್ರ ಬರುತ್ತದೆ. 45 ಆರ್ಡರ್ ಒಂದೇ ಗಂಟೆಯಲ್ಲಿ ಹೋಗಿವೆಯೋ, ಏಳೂ ದಿನ ಹರಡಿವೆಯೋ ನೋಡಿ. ಒಂದೇ ಗಂಟೆಯಾದರೆ ಸರ್ವರ್ ತೊಂದರೆ, ಅಂಥ ಹೊತ್ತಿನಲ್ಲಿ ಆ ಬ್ಯಾಂಕ್ ಹೆಸರಿನ ಪಕ್ಕ ಒಂದು ಸೂಚನೆ ಹಾಕಿದರೆ ಸಾಕು. ಏಳೂ ದಿನ ಹರಡಿದ್ದರೆ ಆ 45 ಆರ್ಡರ್ ನಂಬರ್‌ಗಳನ್ನು ಗೇಟ್‌ವೇಯವರಿಗೆ ಕಳಿಸಿ, ಬರೀ ಪರ್ಸೆಂಟ್ ಕಳಿಸಿದರೆ ಅವರಿಗೂ ಹುಡುಕಲು ಏನೂ ಸಿಗುವುದಿಲ್ಲ.